ವರದಿಯಲ್ಲಿ ಚೆನ್ನಾಗಿ ಕಾಣುವ ಅಂಕಿಯ ಮೇಲೇ ನನಗೆ ಅನುಮಾನ

ಪ್ರಶ್ನೆ: ಡಾಕ್ಟ್ರೇ, ನನಗೆ 58 ವರ್ಷ. ವಿರಾಜಪೇಟೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. 46ಕ್ಕೆ ಮುಟ್ಟು ನಿಂತಿತು. ಹೋದ ವರ್ಷ ಊರಿನ ಕ್ಯಾಂಪಿನಲ್ಲಿ ಹಿಮ್ಮಡಿಯನ್ನು ಮೆಷಿನ್‌ನಲ್ಲಿ ಇಡಿಸಿ, ಟಿ-ಸ್ಕೋರ್ -3.1, ಮೂಳೆ ಸವೆದುಹೋಗಿದೆ ಅಂದರು. ಈಗ ಮೈಸೂರಿನಲ್ಲಿ ಡೆಕ್ಸಾ ಸ್ಕ್ಯಾನ್ ಮಾಡಿಸಿದರೆ ಬೆನ್ನಿಗೆ -2.2, ಆಸ್ಟಿಯೊಪೀನಿಯಾ, ಅಂದರೆ ಮೂಳೆ ಸ್ವಲ್ಪ ಮಾತ್ರ ತೆಳುವಾಗಿದೆ ಅಂತ ಬಂದಿದೆ. ಯಂಗ್ ಅಡಲ್ಟ್ 78% ಅಂತಲೂ ಇದೆ. ಅಂದರೆ 22 ಭಾಗ ಮೂಳೆ ಹೋಯ್ತಾ? ವಾರ್ಡ್ಸ್ ಅನ್ನುವ ಕಡೆ -2.9 ಇದೆ, ಅದನ್ನು ನೋಡಿ ಹೆದರಿಕೆಯಾಯಿತು. ತಂಗಿ ವರ್ಷಕ್ಕೊಂದು ಇಂಜೆಕ್ಷನ್ ತಗೋ ಅಂತಾಳೆ. ಪಕ್ಕದ ಮನೆಯವರು ಕ್ಯಾಲ್ಸಿಯಂ ಮಾತ್ರೆ ಸಾಕು, ಇಂಜೆಕ್ಷನ್‌ನಿಂದ ದವಡೆ ಕೊಳೆಯುತ್ತೆ ಅಂತಾರೆ. ಎರಡು ವರ್ಷದ ಹಿಂದೆ ಕಾಫಿ ಮೂಟೆ ಎಳೆಯುವಾಗ ಬೆನ್ನು ಹಿಡಿದುಕೊಂಡು ಎರಡು ತಿಂಗಳು ಒದ್ದಾಡಿದ್ದೆ. ಉಳುಕು ಅಂತ ಮುಲಾಮು ಕೊಟ್ಟಿದ್ದರು, ಈಗ ನೋವಿಲ್ಲ. ನಾನು ಗಿಡ್ಡ ಆಗುತ್ತಿದ್ದೇನೆ ಅಂತ ಮಗಳು ತಮಾಷೆ ಮಾಡುತ್ತಾಳೆ. ಪೂರ್ತಿ ವರದಿ ಕಳಿಸಿದ್ದೇನೆ. ಯಾವುದನ್ನು ನಂಬಲಿ?

ಉತ್ತರ: ಪೂರ್ತಿ ವರದಿ ಕಳಿಸಿದ್ದು ಒಳ್ಳೆಯದಾಯಿತು. ಬರೀ ಕೊನೆಯ ಸಾಲು ಬರೆದು ಕಳಿಸುವವರೇ ಜಾಸ್ತಿ. ನಿಮ್ಮ ವರದಿಯಲ್ಲಿ ಮುಖ್ಯವಾದ ವಿಷಯ ಇರುವುದು ಆ ಸಾಲಿನಲ್ಲಿ ಅಲ್ಲ, ಅದರ ಮೇಲಿನ ಸಣ್ಣ ಅಕ್ಷರದ ಪಟ್ಟಿಯಲ್ಲಿ. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ದಾರಿಗೆ ಅಡ್ಡ ಇರುವ ಎರಡು ಮೂರು ಅಂಕಿಗಳನ್ನು ಪಕ್ಕಕ್ಕಿಡೋಣ.

ಹಿಮ್ಮಡಿಯ -3.1 ಬಿಟ್ಟುಬಿಡಿ. ಕ್ಯಾಂಪಿನ ಮೆಷಿನ್ ಅಲ್ಟ್ರಾಸೌಂಡ್‌ನದು. ಹಿಮ್ಮಡಿ ಮೂಳೆಯಲ್ಲಿ ಶಬ್ದದ ಅಲೆ ಹೇಗೆ ಹೋಗುತ್ತದೆ ಅಂತ ನೋಡುತ್ತದೆ, ಅಷ್ಟೆ. ಅದೂ ಟಿ-ಸ್ಕೋರ್ ಅಂತಲೇ ಒಂದು ಅಂಕಿ ಕೊಡುತ್ತದೆ. ಆದರೆ -1, -2.5 ಅನ್ನುವ ಗಡಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ್ದು ಈ ಮೆಷಿನ್‌ಗಾಗಿ ಅಲ್ಲ. ಹಿಮ್ಮಡಿಯ ಅಂಕಿಯನ್ನು ಆ ಗಡಿಗೆ ಹೋಲಿಸಿ ರೋಗ ಇದೆ, ಇಲ್ಲ ಎನ್ನುವಂತಿಲ್ಲ. ಅಂಕಿ ಕೆಟ್ಟದಾಗಿ ಬಂದರೆ ಡೆಕ್ಸಾ ಮಾಡಿಸಬೇಕು, ಅದಕ್ಕೆ ಮಾತ್ರ ಕ್ಯಾಂಪು ಉಪಯೋಗ. ಅದನ್ನು ನೀವು ಮಾಡಿದ್ದೀರಿ.

ವಾರ್ಡ್ಸ್ ಅನ್ನುವ ಜಾಗದ -2.9 ಮೇಲೂ ಪೆನ್ನಿನಿಂದ ಗೆರೆ ಎಳೆಯಿರಿ. ಅದು ತೊಡೆಮೂಳೆಯ ಕುತ್ತಿಗೆಯ ಭಾಗದಲ್ಲಿ ಮೆಷಿನ್ ತಾನೇ ಹುಡುಕಿಕೊಳ್ಳುವ ಒಂದು ಪುಟ್ಟ ಚೌಕ. ಬಹಳ ಚಿಕ್ಕ ಜಾಗ, ಹಾಗಾಗಿ ಅಳತೆ ಏರುಪೇರಾಗುವುದು ಜಾಸ್ತಿ, ಹೆಚ್ಚಿನವರಲ್ಲಿ ಅದೇ ಎಲ್ಲಕ್ಕಿಂತ ಕೆಳಗಿರುತ್ತದೆ. ಪ್ರಿಂಟ್ ಆಗುತ್ತದೆ ನಿಜ, ಆದರೆ ರೋಗ ನಿರ್ಧಾರಕ್ಕೆ ಅದನ್ನು ಬಳಸಬಾರದು ಎಂಬುದು ಎಲ್ಲರೂ ಒಪ್ಪಿದ ನಿಯಮ. ನೋಡಬೇಕಾದ್ದು ಮೂರೇ ಜಾಗ: ಸೊಂಟದ ಹತ್ತಿರದ ಬೆನ್ನುಮೂಳೆ, ತೊಡೆಮೂಳೆಯ ಕುತ್ತಿಗೆ, ಇಡೀ ಹಿಪ್. ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ಲೆಕ್ಕಕ್ಕೆ. ನಿಮ್ಮದು ತೊಡೆಮೂಳೆಯ ಕುತ್ತಿಗೆಯಲ್ಲಿ -1.9, ಹಿಪ್‌ನಲ್ಲಿ -1.4, ಬೆನ್ನಿನಲ್ಲಿ -2.2.

ಇನ್ನು ಆ 78%. ಇದನ್ನು ನೋಡಿ ಹೆದರಿ ಬರುವವರನ್ನು ದಿನಾ ನೋಡುತ್ತೇನೆ. ಡೆಕ್ಸಾ ಮೆಷಿನ್ ಬಹಳ ಕಡಿಮೆ ಪ್ರಮಾಣದ ಎಕ್ಸ್-ರೇ ಬಿಟ್ಟು, ಮೂಳೆಯ ಪ್ರತಿ ಚದರ ಸೆಂಟಿಮೀಟರ್‌ನಲ್ಲಿ ಎಷ್ಟು ಗ್ರಾಂ ಖನಿಜ ಇದೆ ಅಂತ ಅಳೆಯುತ್ತದೆ. ವರದಿಯಲ್ಲಿ ಬಿಎಂಡಿ ಅಂತ ಇರುವುದು ಅದೇ. ನಿಮ್ಮ ಬೆನ್ನಿನದು 0.918. ನಿಮ್ಮನ್ನು ಸ್ಕ್ಯಾನ್ ಮಾಡಿದ ಮೆಷಿನ್‌ನ ಒಳಗೆ ಹರೆಯದ ಆರೋಗ್ಯವಂತ ಹೆಂಗಸರ ಸರಾಸರಿ 1.180 ಅಂತ ಇದೆ. ಎಲ್ಲರೂ ಸರಾಸರಿಯಲ್ಲೇ ಇರುವುದಿಲ್ಲ ತಾನೆ? ಒಬ್ಬರಿಂದ ಒಬ್ಬರಿಗೆ ಇರುವ ಸಾಮಾನ್ಯ ವ್ಯತ್ಯಾಸದ ಅಳತೆ 0.12, ಅದನ್ನು ಒಂದು ಮೆಟ್ಟಿಲು ಅನ್ನೋಣ. ಟಿ-ಸ್ಕೋರ್ ಎಂದರೆ ಇಷ್ಟೆ:

(0.918 - 1.180) ÷ 0.12 = -2.2

ಅಂದರೆ ಹರೆಯದ ಹೆಂಗಸರ ಸರಾಸರಿಗಿಂತ ನೀವು ಎರಡು ಮೆಟ್ಟಿಲಿಗಿಂತ ಸ್ವಲ್ಪ ಕೆಳಗಿದ್ದೀರಿ. 78% ಕೂಡ ಇದೇ ಹೋಲಿಕೆ: 1.180ಕ್ಕೆ 0.918 ನೂರರಲ್ಲಿ 78 ಭಾಗ. ಇಲ್ಲಿ ಹೋಲಿಸಿದ್ದು ಬೇರೆ ಯಾರದೋ ಸರಾಸರಿಯ ಜೊತೆ, ನಿಮ್ಮದೇ ಹರೆಯದ ಮೂಳೆಯ ಜೊತೆ ಅಲ್ಲ. ಇಪ್ಪತ್ತೈದರಲ್ಲಿ ನಿಮ್ಮ ಮೂಳೆ ಎಷ್ಟಿತ್ತು ಅಂತ ಯಾರೂ ಅಳೆದಿಟ್ಟಿಲ್ಲ. ಆಗಲೇ ಸರಾಸರಿಗಿಂತ ಕಡಿಮೆ ಇದ್ದಿರಬಹುದು. ಮೈಕಟ್ಟು ಚಿಕ್ಕದಾಗಿದ್ದರೆ ಈ ಮೆಷಿನ್ ಮೂಳೆಯ ದಪ್ಪವನ್ನು ಕಾಣದೆ ಅಂಕಿಯನ್ನು ತುಸು ಕಡಿಮೆಯೇ ತೋರಿಸುತ್ತದೆ. ಹಾಗಾಗಿ 22 ಭಾಗ ಹೋಯಿತು ಎಂಬ ಲೆಕ್ಕ ತಪ್ಪು.

ಪಕ್ಕದಲ್ಲಿ ಝಡ್-ಸ್ಕೋರ್ -1.1 ಅಂತಲೂ ಇದೆ. ಅದು ನಿಮ್ಮ ವಯಸ್ಸಿನವರ ಜೊತೆಗಿನ ಹೋಲಿಕೆ. ಅದು ಚೆನ್ನಾಗಿದೆ ಅಂತ ಸಮಾಧಾನ ಪಡಬೇಡಿ, ಯಾಕೆಂದರೆ ನಿಮ್ಮ ವಯಸ್ಸಿನವರೆಲ್ಲರ ಮೂಳೆಯೂ ಇಳಿದಿರುತ್ತದೆ. ಮುಟ್ಟು ನಿಂತ ಮೇಲೆ ನೋಡಬೇಕಾದ್ದು ಟಿ-ಸ್ಕೋರ್. ಝಡ್ -2ಕ್ಕಿಂತ ಕೆಳಗೆ ಹೋದರೆ ಮಾತ್ರ, ವಯಸ್ಸಲ್ಲದೆ ಬೇರೆ ಕಾಯಿಲೆ ಮೂಳೆ ತಿನ್ನುತ್ತಿದೆಯಾ ಅಂತ ನಾವು ಇನ್ನಷ್ಟು ಹುಡುಕುತ್ತೇವೆ.

ಈಗ ಆ ಸಣ್ಣ ಪಟ್ಟಿಗೆ ಬನ್ನಿ. ಬೆನ್ನಿನ -2.2 ಅನ್ನುವುದು ಒಂದು ಮೂಳೆಯ ಅಂಕಿಯಲ್ಲ. ಸೊಂಟದ ಭಾಗದಲ್ಲಿ ಒಂದರ ಮೇಲೊಂದು ಕೂತ ನಾಲ್ಕು ಬೆನ್ನುಮೂಳೆ ತುಂಡುಗಳನ್ನು, ಅಂದರೆ ಎಲ್1ರಿಂದ ಎಲ್4ರವರೆಗಿನ ಕಶೇರುಗಳನ್ನು, ಒಟ್ಟಿಗೆ ಸೇರಿಸಿ ತೆಗೆದದ್ದು. ಬಿಡಿಬಿಡಿಯಾಗಿ ನಿಮ್ಮದು ಹೀಗಿದೆ:

ಎಲ್1: ವಿಸ್ತೀರ್ಣ 10.5, ಬಿಎಂಡಿ 1.034, ಟಿ-ಸ್ಕೋರ್ -0.8
ಎಲ್2: ವಿಸ್ತೀರ್ಣ 12.5, ಬಿಎಂಡಿ 0.888, ಟಿ-ಸ್ಕೋರ್ -2.6
ಎಲ್3: ವಿಸ್ತೀರ್ಣ 14.0, ಬಿಎಂಡಿ 0.876, ಟಿ-ಸ್ಕೋರ್ -2.7
ಎಲ್4: ವಿಸ್ತೀರ್ಣ 15.5, ಬಿಎಂಡಿ 0.900, ಟಿ-ಸ್ಕೋರ್ -2.5

ಮೂರು ಕಶೇರುಗಳು ಒಂದೇ ಮಾತು ಹೇಳುತ್ತಿವೆ. ನಾಲ್ಕನೆಯದು, ಎಲ್1, ತನ್ನ ಪಾಡಿಗೆ -0.8 ಅಂತ ನಿಂತಿದೆ. ಸುಮ್ನೆ ಓದಿದರೆ ಇದು ನಾಲ್ಕರಲ್ಲಿ ಗಟ್ಟಿಮುಟ್ಟಾದ ಮೂಳೆ. ನನಗೆ ಅನುಮಾನ ಇರುವುದು ಇದರ ಮೇಲೇ. ಸಾಮಾನ್ಯವಾಗಿ ಎಲ್1ರ ಸಾಂದ್ರತೆ ಎಲ್2ಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ನಿಮ್ಮದರಲ್ಲಿ ಎಷ್ಟೋ ಜಾಸ್ತಿ ಇದೆ. ಪಕ್ಕದ ಕಶೇರುವಿಗೂ ಇದಕ್ಕೂ ಟಿ-ಸ್ಕೋರ್‌ನಲ್ಲಿ 1.8ರಷ್ಟು ವ್ಯತ್ಯಾಸ. ಪಕ್ಕದ ಕಶೇರುವಿಗಿಂತ ಒಂದಕ್ಕೂ ಹೆಚ್ಚು ವ್ಯತ್ಯಾಸ ಇರುವ ಕಶೇರುವನ್ನು ಲೆಕ್ಕದಿಂದ ಕೈಬಿಡಬೇಕು, ಯಾಕೆ ಹಾಗಾಯಿತು ಅಂತ ನೋಡಬೇಕು. ಮೆಷಿನ್ ತಾನಾಗಿ ಇದನ್ನು ಮಾಡುವುದಿಲ್ಲ. ವರದಿಗೆ ಸಹಿ ಹಾಕುವವರು ಮಾಡಬೇಕು. ಹೆಚ್ಚು ಜನ ಇದ್ದ ದಿನ ಮೆಷಿನ್ ಕೊಟ್ಟ ಸಾಲೇ ಹಾಗೇ ಪ್ರಿಂಟ್ ಆಗಿ ಬರುವುದೂ ಇದೆ.

ಎಲ್1 ಬಿಟ್ಟು ಉಳಿದ ಮೂರನ್ನೇ ಲೆಕ್ಕ ಹಾಕಿದರೆ ಬಿಎಂಡಿ 0.888. ಈ ಮೂರಕ್ಕೆ ಹರೆಯದ ಸರಾಸರಿ 1.200. ಟಿ-ಸ್ಕೋರ್ -2.6 ಬರುತ್ತದೆ. -1ಕ್ಕೂ -2.5ಕ್ಕೂ ನಡುವೆ ಇದ್ದರೆ ಆಸ್ಟಿಯೊಪೀನಿಯಾ; -2.5ಕ್ಕೆ ಅಥವಾ ಅದಕ್ಕಿಂತ ಕೆಳಗೆ ಬಂದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸುಲಭವಾಗಿ ಮುರಿಯುವಷ್ಟು ಟೊಳ್ಳಾದದ್ದು. ಅಂದರೆ ವರದಿಯ ಕೊನೆಯ ಸಾಲಿನ ಆಸ್ಟಿಯೊಪೀನಿಯಾ ನಿಲ್ಲುವುದಿಲ್ಲ.

ಎಲ್1ಕ್ಕೆ ಆಗಿರುವುದೇನು? ಅದರ ವಿಸ್ತೀರ್ಣದ ಕಾಲಂ ನೋಡಿ. ಎಲ್2, ಎಲ್3, ಎಲ್4 ಒಂದೂವರೆ ಒಂದೂವರೆ ಚದರ ಸೆಂಟಿಮೀಟರ್‌ನಂತೆ ಏರುತ್ತಾ ಹೋಗಿವೆ. ಮೇಲಿನ ಎಲ್1 ಮಾತ್ರ ಎರಡು ಚದರ ಸೆಂಟಿಮೀಟರ್ ಕಡಿಮೆ ಇದೆ. ಜೊತೆಗೆ ಸ್ಕ್ಯಾನ್ ಚಿತ್ರದಲ್ಲಿ ಆ ಕಶೇರುವಿನ ಮೇಲಿನ, ಕೆಳಗಿನ ಗೆರೆಗಳು ಹತ್ತಿರ ಬಂದಿವೆ. ಹತ್ತಿಯ ದಿಂಬನ್ನು ಅದುಮಿದರೆ ಹತ್ತಿ ಹೆಚ್ಚಾಗುವುದಿಲ್ಲ, ಗಟ್ಟಿ ಅನ್ನಿಸುತ್ತದೆ, ಅಲ್ವಾ? ಕುಸಿದ ಕಶೇರುವೂ ಹಾಗೇ. ಇದ್ದಷ್ಟೇ ಖನಿಜ ಕಡಿಮೆ ಜಾಗದಲ್ಲಿ ಒತ್ತಿಕೊಂಡಿದೆ, ಗ್ರಾಂ ಅನ್ನು ವಿಸ್ತೀರ್ಣದಿಂದ ಭಾಗಿಸುವ ಮೆಷಿನ್ ಅದನ್ನು ಗಟ್ಟಿ ಮೂಳೆ ಅಂತ ಬರೆದಿದೆ. ಎರಡು ವರ್ಷದ ಹಿಂದೆ ಮೂಟೆ ಎಳೆಯುವಾಗ ಆದದ್ದು ಬರೀ ಉಳುಕಲ್ಲ, ಎಲ್1 ಕುಸಿದದ್ದು ಎಂಬುದು ನನ್ನ ಬಲವಾದ ಅನುಮಾನ. ಎದೆಯ ಭಾಗದ ಬೆನ್ನು ಮುಗಿದು ಸೊಂಟದ ಭಾಗ ಶುರುವಾಗುವ ಈ ಜಾಗದಲ್ಲೇ ಇಂಥ ಕುಸಿತ ಹೆಚ್ಚು. ಆರರಿಂದ ಹನ್ನೆರಡು ವಾರದಲ್ಲಿ ನೋವು ತಾನೇ ಇಳಿಯುತ್ತದೆ. ನಿಮಗೂ ಎರಡು ತಿಂಗಳಿಗೆ ಇಳಿದಿದೆ. ಕಶೇರು ಕುಸಿದವರಲ್ಲಿ ಮೂರರಲ್ಲಿ ಒಬ್ಬರಿಗೆ ಮಾತ್ರ ಆಗಲೇ ಗೊತ್ತಾಗುತ್ತದೆ. ಉಳಿದವರಿಗೆ ಬೆನ್ನು ಹಿಡಿಯಿತು, ವಾಯು, ವಯಸ್ಸಾಯಿತು ಅಂತಲೇ ಹೋಗುತ್ತದೆ. ನಿಮಗೆ ಮುಲಾಮು ಕೊಟ್ಟವರನ್ನು ಬೈಯುವ ಹಾಗಿಲ್ಲ. ಕೈಯಿಂದ ಒತ್ತಿ ನೋಡಿದರೆ ಇದು ತಿಳಿಯುವುದಿಲ್ಲ.

ಮಗಳ ತಮಾಷೆಯನ್ನೂ ನಾನು ತಮಾಷೆಯಾಗಿ ತೆಗೆದುಕೊಳ್ಳುವುದಿಲ್ಲ. ಬರಿಗಾಲಲ್ಲಿ ಗೋಡೆಗೆ ಹಿಮ್ಮಡಿ, ಬೆನ್ನು, ತಲೆ ತಾಗಿಸಿ ನಿಂತು, ತಲೆಯ ಮೇಲೆ ಒಂದು ದಪ್ಪ ಪುಸ್ತಕ ಅಡ್ಡ ಇಟ್ಟು ಗುರುತು ಹಾಕಿಸಿಕೊಳ್ಳಿ. ಮದುವೆಯ ಹೊತ್ತಿನ ಅಥವಾ ಹೆರಿಗೆ ಕಾರ್ಡಿನ ಎತ್ತರ ಸಿಕ್ಕಿದರೆ ಹೋಲಿಸಿ. ಹರೆಯದ ಎತ್ತರಕ್ಕಿಂತ 4 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ಬೆನ್ನಿನ ಎಕ್ಸ್-ರೇ ತೆಗೆಸಲು ಅದೊಂದೇ ಕಾರಣ ಸಾಕು.

ಆದರೆ ಬರೀ ಪಟ್ಟಿ ನೋಡಿ ಮುರಿತ ಅಂತ ತೀರ್ಪು ಕೊಡಲಾಗದು. ಒಂದು ಕಶೇರು ಸುಮ್ಮನೆ ಗಟ್ಟಿಯಾಗಿ ಕಾಣಲು ಬೇರೆ ಕಾರಣಗಳೂ ಇವೆ. ವಯಸ್ಸಾದಂತೆ ಬೆನ್ನುಮೂಳೆಯ ಅಂಚಿನಲ್ಲಿ ಕೊಕ್ಕೆಯಂತೆ ಮೂಳೆ ಬೆಳೆಯುತ್ತದೆ; ಅದು ಸಾಮಾನ್ಯವಾಗಿ ಕೆಳಗಿನ ಎಲ್3, ಎಲ್4ರಲ್ಲಿ. 65 ದಾಟಿದ ಎಷ್ಟೋ ಜನರ ಬೆನ್ನಿನ ಅಂಕಿ ಇದರಿಂದಲೇ ಸುಳ್ಳಾಗಿ ಸುಧಾರಿಸುತ್ತದೆ. ಲೋಹವೂ ಅಂಕಿ ಕೆಡಿಸುತ್ತದೆ. ಕೊಡವ ಶೈಲಿಯಲ್ಲಿ ಸೀರೆ ಉಡುವವರ ನೆರಿಗೆ ಹಿಂದೆ ಬರುತ್ತದೆ, ಸೊಂಟದ ಹಿಂದಿನ ಪಿನ್ನು ಮರೆತು ಮಲಗಿದರೆ ಅದು ಕೆಳಗಿನ ಕಶೇರುವಿನ ಮೇಲೇ ಬೀಳುತ್ತದೆ. ಒಳಉಡುಪಿನ ಹುಕ್ಕು ಇನ್ನೂ ಮೇಲೆ. ಬೆಳಿಗ್ಗೆ ನುಂಗಿದ ಕ್ಯಾಲ್ಸಿಯಂ ಮಾತ್ರೆ ಕರಗದೆ ಹೊಟ್ಟೆಯಲ್ಲಿದ್ದರೂ ಚುಕ್ಕೆಯಾಗಿ ಕಾಣುತ್ತದೆ, ಅದಕ್ಕೇ ಸ್ಕ್ಯಾನ್ ದಿನ ಕ್ಯಾಲ್ಸಿಯಂ ಬೇಡ ಎನ್ನುವುದು. ನಿಮ್ಮ ಚಿತ್ರದಲ್ಲಿ ಇಂಥ ಯಾವ ಬಿಳಿ ಚುಕ್ಕೆಯೂ ನನಗೆ ಕಾಣಲಿಲ್ಲ.

ಹಾಗಾಗಿ ಮೊದಲ ಕೆಲಸ, ಬೆನ್ನಿನ ಪಕ್ಕದಿಂದ ತೆಗೆಯುವ ಎಕ್ಸ್-ರೇ. ಚೀಟಿಯಲ್ಲಿ ಡಾರ್ಸೊಲಂಬಾರ್ ಸ್ಪೈನ್, ಲ್ಯಾಟರಲ್ ಅಂತ ಬರೆಸಿಕೊಳ್ಳಿ. ಇದಕ್ಕೆ ಮೈಸೂರಿನವರೆಗೆ ಹೋಗುವುದೇನೂ ಬೇಡ. ಕಶೇರುವಿನ ಮುಂದಿನ ಅಂಚು ಹಿಂದಿನ ಅಂಚಿಗಿಂತ ಐದರಲ್ಲಿ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ತಗ್ಗಿದ್ದರೆ ಅದನ್ನು ಕುಸಿತ ಅನ್ನುತ್ತೇವೆ. ಎದೆಯ ಭಾಗದಲ್ಲಿ ನಿಮಗೆ ಗೊತ್ತೇ ಇಲ್ಲದ ಇನ್ನೊಂದು ಕುಸಿತ ಇದ್ದರೆ ಅದೂ ಇದರಲ್ಲೇ ಕಾಣುತ್ತದೆ.

ಕುಸಿತ ಖಚಿತವಾದರೆ -2.2 ಸರಿಯೋ -2.6 ಸರಿಯೋ ಎಂಬ ಚರ್ಚೆಯೇ ಹಿಂದಕ್ಕೆ ಹೋಗುತ್ತದೆ. ದೊಡ್ಡ ಪೆಟ್ಟಿಲ್ಲದೆ, ಮೂಟೆ ಎಳೆದಷ್ಟಕ್ಕೇ ಕಶೇರು ಕುಸಿದಿದ್ದರೆ ಟಿ-ಸ್ಕೋರ್ ಎಷ್ಟೇ ಇರಲಿ ಅದು ಆಸ್ಟಿಯೊಪೊರೋಸಿಸ್. ಒಮ್ಮೆ ಕುಸಿದವರಿಗೆ ಮತ್ತೊಂದು ಕುಸಿಯುವ ಸಾಧ್ಯತೆ ಬೇರೆಯವರಿಗಿಂತ ಬಹಳ ಹೆಚ್ಚು. ಟಿ-ಸ್ಕೋರ್ ಅಳೆಯುವುದು ಮೂಳೆಯಲ್ಲಿ ಖನಿಜ ಎಷ್ಟಿದೆ ಎಂಬುದನ್ನು ಮಾತ್ರ. ಆಸ್ಟಿಯೊಪೀನಿಯಾ ಅಂತ ಬರೆಸಿಕೊಂಡವರಲ್ಲೂ ಮೂಳೆ ಮುರಿಯುತ್ತದೆ; ಅಂಥವರ ಸಂಖ್ಯೆಯೇ ದೊಡ್ಡದಾದ್ದರಿಂದ, ಒಟ್ಟು ಮುರಿತಗಳಲ್ಲಿ ಹೆಚ್ಚಿನವು ಅವರಲ್ಲೇ ಆಗುತ್ತವೆ.

ಹಿಪ್ ಅಷ್ಟು ಇಳಿಯದೆ ಬೆನ್ನೇ ಯಾಕೆ ಇಳಿಯಿತು ಅಂತ ನೀವು ಕೇಳಬಹುದು. ಅದಕ್ಕೆ ಮುಟ್ಟು ನಿಂತದ್ದೇ ಕಾರಣ. ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಜೀವನಪೂರ್ತಿ ಕೆಲಸ ಮಾಡುತ್ತಿರುತ್ತವೆ. ಕರಗಿಸುವ ಕೋಶಗಳನ್ನು ಈಸ್ಟ್ರೋಜನ್ ಹಿಡಿತದಲ್ಲಿ ಇಟ್ಟಿರುತ್ತದೆ. ಕೊನೆಯ ಮುಟ್ಟಿಗೆ ಒಂದು ವರ್ಷ ಮೊದಲಿನಿಂದಲೇ ಆ ಹಿಡಿತ ಸಡಿಲವಾಗುತ್ತದೆ. ಮುಂದಿನ ಎರಡು ಮೂರು ವರ್ಷ ಬೆನ್ನಿನ ಸಾಂದ್ರತೆ ವರ್ಷಕ್ಕೆ ನೂರಕ್ಕೆ ಎರಡರಷ್ಟು ಇಳಿಯುತ್ತದೆ, ಆಮೇಲೆ ಇಳಿಯುವ ವೇಗ ತಗ್ಗುತ್ತದೆ. ಕಶೇರುವಿನ ಒಳಗೆಲ್ಲ ಜಾಲರಿಯಂಥ ಮೂಳೆ. ಕರಗಿಸುವ ಕೋಶಗಳು ಕೆಲಸ ಮಾಡುವುದು ಮೂಳೆಯ ಮೇಲ್ಮೈಯಲ್ಲಿ, ಜಾಲರಿಗೆ ಮೇಲ್ಮೈ ಜಾಸ್ತಿ. ಅದಕ್ಕೇ ಬೆನ್ನು ಮೊದಲು, ಹಿಪ್ ಆಮೇಲೆ.

ಔಷಧಿ ಶುರು ಮಾಡುವ ಮೊದಲು ಕೆಲವು ರಕ್ತ ಪರೀಕ್ಷೆಗಳಿವೆ: ಕ್ಯಾಲ್ಸಿಯಂ, ವಿಟಮಿನ್ ಡಿ, ಕ್ರಿಯಾಟಿನಿನ್, ಆಲ್ಕಲೈನ್ ಫಾಸ್ಫಟೇಸ್, ಥೈರಾಯ್ಡ್, ಹಿಮೋಗ್ಲೋಬಿನ್, ಇಎಸ್‌ಆರ್. ಇಎಸ್‌ಆರ್ ಬಹಳ ಏರಿದ್ದರೆ, ರಕ್ತಹೀನತೆ ಇದ್ದರೆ, ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಬೆನ್ನುಮೂಳೆಯ ಟಿಬಿ ಅಥವಾ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಅವೂ ಕಶೇರುವನ್ನು ಕುಸಿಸುತ್ತವೆ. ವಿಟಮಿನ್ ಡಿ ವಿಷಯದಲ್ಲಿ ಕೊಡಗಿನವರಿಗೆ ಒಂದು ತೊಂದರೆ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ, ಮಳೆ. ಬಿಸಿಲು ಬಂದಾಗಲೂ ನೀವು ತೋಟದ ನೆರಳಲ್ಲಿ, ಮೈತುಂಬ ಬಟ್ಟೆಯಲ್ಲಿ. ಹೊರಗೆ ದುಡಿಯುವವರಲ್ಲೂ ಕೊರತೆ ಸಿಗುತ್ತದೆ. ಕೊರತೆ ತೀವ್ರವಾಗಿದ್ದರೆ ಮೂಳೆ ಮೆತ್ತಗಾಗುವ ಬೇರೆಯದೇ ಕಾಯಿಲೆ ಬರುತ್ತದೆ, ಅದರಲ್ಲೂ ಟಿ-ಸ್ಕೋರ್ ಇಳಿಯುತ್ತದೆ. ಹಾಗಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಇನ್ನೊಂದು ಮಾತು: ಉಬ್ಬಸಕ್ಕೋ ಗಂಟುನೋವಿಗೋ ಹೆಸರು ಗೊತ್ತಿಲ್ಲದ ಮಾತ್ರೆ ಪೊಟ್ಟಣ ತಿಂಗಳುಗಟ್ಟಲೆ ನುಂಗಿದ್ದರೆ ಮರೆಯದೆ ಹೇಳಿ. ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಇದೆ.

ಈಗ ತಂಗಿಯ ಮಾತು, ಪಕ್ಕದ ಮನೆಯವರ ಮಾತು. ಎಕ್ಸ್-ರೇಯಲ್ಲಿ ಕುಸಿತ ಸಿಕ್ಕಿದರೆ ನಾನು ತಂಗಿಯ ಕಡೆ. ಕುಸಿತ ಸಿಗದಿದ್ದರೂ, ಗಟ್ಟಿ ಕಾಣಲು ಬೇರೆ ಕಾರಣ ಸಿಕ್ಕಿ -2.6 ನಿಂತರೆ, ಆಗಲೂ ಔಷಧಿ ಬೇಕು ಅಂತಲೇ ಹೇಳುತ್ತೇನೆ.

ವರ್ಷಕ್ಕೊಂದು ಇಂಜೆಕ್ಷನ್ ಅಂದರೆ ಝೊಲೆಡ್ರೊನಿಕ್ ಆಸಿಡ್, 5 ಮಿಲಿಗ್ರಾಂ, ಡ್ರಿಪ್‌ನಲ್ಲಿ ನಿಧಾನವಾಗಿ ಹಾಕುತ್ತಾರೆ. ಮೂಳೆ ಕರಗಿಸುವ ಕೋಶಗಳನ್ನು ಇದು ತಡೆಯುತ್ತದೆ. ಮೊದಲ ಸಲ ಹಾಕಿಸಿಕೊಂಡ ಮೇಲೆ ಒಂದರಿಂದ ಮೂರು ದಿನ ಫ್ಲೂ ಬಂದಂತೆ ಜ್ವರ, ಮೈಕೈ ನೋವು ಬರುವುದು ಸಾಮಾನ್ಯ. ಪ್ಯಾರಾಸಿಟಮಾಲ್‌ಗೆ ಇಳಿಯುತ್ತದೆ, ಎರಡನೇ ವರ್ಷ ಅಷ್ಟಾಗಿ ಬರುವುದಿಲ್ಲ. ಕಿಡ್ನಿ ದುರ್ಬಲವಾಗಿದ್ದರೆ ಇದನ್ನು ಕೊಡಬಾರದು. ವಿಟಮಿನ್ ಡಿ ಕಡಿಮೆ ಇರುವಾಗ ಹಾಕಿಸಿಕೊಂಡರೆ ರಕ್ತದ ಕ್ಯಾಲ್ಸಿಯಂ ಕುಸಿಯಬಹುದು. ಮೇಲಿನ ಪರೀಕ್ಷೆಗಳು ಅದಕ್ಕೇ.

ಇದೇ ಜಾತಿಯ ಮಾತ್ರೆ ಅಲೆಂಡ್ರೊನೇಟ್, ವಾರಕ್ಕೊಂದು, 70 ಮಿಲಿಗ್ರಾಂ. ಅಗ್ಗ, ಚೆನ್ನಾಗಿ ಕೆಲಸ ಮಾಡುತ್ತದೆ. ತೊಂದರೆ ಇರುವುದು ನುಂಗುವ ರೀತಿಯಲ್ಲಿ. ಎದ್ದ ಕೂಡಲೇ, ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಬಾರದು, ಬೇರೇನೂ ಬಾಯಿಗೆ ಹಾಕಬಾರದು. ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ನಮ್ಮ ಕಡೆ ಕಣ್ಣು ಬಿಟ್ಟ ಕೂಡಲೇ ಕಾಫಿ ಬೇಕು. ಈ ಮಾತ್ರೆಯನ್ನು ಕಾಫಿ ಜೊತೆಗೋ ಕಿತ್ತಳೆ ರಸದ ಜೊತೆಗೋ ನುಂಗಿದರೆ ಮೈಗೆ ಹತ್ತುವುದು ಸುಮಾರು ಅರವತ್ತು ಭಾಗ ಕಡಿಮೆಯಾಗುತ್ತದೆ. ಕೊಡಗಿನಲ್ಲಿ ಹೇರಳವಾಗಿ ಸಿಗುವ ಎರಡೂ ಇದಕ್ಕೆ ಆಗಿಬರುವುದಿಲ್ಲ! ಕಾಫಿ ಬಿಡಬೇಕಾಗಿಲ್ಲ, ವಾರಕ್ಕೊಂದು ದಿನ ಅರ್ಧ ಗಂಟೆ ತಡ ಮಾಡಿದರೆ ಸಾಕು. ಅದು ಸಾಧ್ಯವಿಲ್ಲ ಅನ್ನುವವರಿಗೆ, ಎದೆಯುರಿ ಇರುವವರಿಗೆ, ನಾನು ಡ್ರಿಪ್ಪನ್ನೇ ಹೇಳುತ್ತೇನೆ.

ಆರು ತಿಂಗಳಿಗೊಮ್ಮೆ ಚರ್ಮದ ಕೆಳಗೆ ಕೊಡುವ ಡೆನೊಸುಮಾಬ್ ಅಂತ ಇನ್ನೊಂದಿದೆ. ಕಿಡ್ನಿ ತೊಂದರೆ ಇರುವವರಿಗೆ ಅನುಕೂಲ, ಸಾಂದ್ರತೆಯೂ ಚೆನ್ನಾಗಿ ಏರುತ್ತದೆ. ಆದರೆ ಇದನ್ನು ನಡುವೆ ಬಿಟ್ಟರೆ, ಒಂದೆರಡು ತಿಂಗಳು ತಡ ಮಾಡಿದರೂ, ಮೂಳೆ ಒಮ್ಮೆಲೇ ಕರಗಲು ಶುರುವಾಗಿ ಒಂದರ ಮೇಲೊಂದು ಕಶೇರು ಕುಸಿಯುವ ಅಪಾಯವಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಹೋದದ್ದನ್ನು ನೋಡಿದ ಮೇಲೆ, ತಾರೀಖು ತಪ್ಪುವಂತಿಲ್ಲದ ಔಷಧಿಯನ್ನು ಒಳಗಿನ ಊರಿನವರಿಗೆ ಬರೆಯುವಾಗ ನಾನು ಎರಡು ಸಲ ಯೋಚಿಸುತ್ತೇನೆ. ನಿಮಗೆ ಇದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಎಕ್ಸ್-ರೇಯಲ್ಲಿ ಎರಡು ಮೂರು ಕಶೇರು ಕುಸಿದಿರುವುದು ಕಂಡರೆ ಮಾತು ಬೇರೆ. ಆಗ ಹೊಸ ಮೂಳೆ ಕಟ್ಟಿಸುವ ಟೆರಿಪ್ಯಾರಟೈಡ್‌ನಿಂದ ಶುರು ಮಾಡುವುದು ಮೇಲು. ದಿನಾ ಚುಚ್ಚಿಕೊಳ್ಳಬೇಕು, ಫ್ರಿಜ್‌ನಲ್ಲಿಡಬೇಕು, ದುಬಾರಿ, ಎರಡು ವರ್ಷಕ್ಕೆ ನಿಲ್ಲಿಸಿ ಮೇಲಿನ ಯಾವುದಾದರೂ ಔಷಧಿಗೆ ಬದಲಾಗಬೇಕು. ಹಾರ್ಮೋನ್ ಮಾತ್ರೆಯ ಬಗ್ಗೆ ಒಂದೇ ಮಾತು: ಮುಟ್ಟು ನಿಂತು ಹತ್ತು ವರ್ಷದ ಒಳಗಿರುವವರಿಗೆ ಅದು ಒಂದು ಆಯ್ಕೆ; ನಿಮಗೆ ಹನ್ನೆರಡಾಗಿದೆ, ಮೂಳೆಗೋಸ್ಕರ ಈಗ ಶುರು ಮಾಡುವುದು ಬೇಡ.

ದವಡೆಯ ಮಾತು ಪೂರ್ತಿ ಸುಳ್ಳಲ್ಲ. ಕ್ಯಾನ್ಸರ್ ರೋಗಿಗಳಿಗೆ ಇದೇ ಇಂಜೆಕ್ಷನ್ ತಿಂಗಳಿಗೊಮ್ಮೆ ಕೊಡುವಾಗ ದವಡೆ ಮೂಳೆ ಸಾಯುವುದು ಕಂಡುಬರುತ್ತದೆ, ಆ ಸುದ್ದಿಯೇ ಎಲ್ಲ ಕಡೆ ಹಬ್ಬಿದೆ. ಆಸ್ಟಿಯೊಪೊರೋಸಿಸ್‌ಗೆ ಕೊಡುವ ಪ್ರಮಾಣದಲ್ಲಿ ಅದು ವರ್ಷಕ್ಕೆ ಹತ್ತು ಸಾವಿರದಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಕಡಿಮೆ. ಕೀಳಿಸಬೇಕಾದ ಹಲ್ಲಿದ್ದರೆ ಮೊದಲೇ ಕೀಳಿಸಿ, ಗಾಯ ಮಾಗಿದ ಮೇಲೆ ಇಂಜೆಕ್ಷನ್ ಹಾಕಿಸಿಕೊಳ್ಳಿ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಅಪರೂಪಕ್ಕೆ ತೊಡೆಮೂಳೆಯ ನಡುವೆ ಬಿರುಕು ಬಿಡುವುದಿದೆ. ಅದಕ್ಕೆ ಮೊದಲು ತೊಡೆಯಲ್ಲೋ ತೊಡೆಸಂದಿಯಲ್ಲೋ ವಾರಗಟ್ಟಲೆ ಮಂದ ನೋವು ಇರುತ್ತದೆ. ಹಾಗಾದರೆ ಕಾಯದೆ ತೋರಿಸಿ. ಈ ಕಾರಣಕ್ಕೇ ಡ್ರಿಪ್ ಆದರೆ ಮೂರು ವರ್ಷಕ್ಕೆ, ಮಾತ್ರೆ ಆದರೆ ಐದು ವರ್ಷಕ್ಕೆ ನಿಂತು, ಮುಂದುವರಿಸಬೇಕೋ ಬಿಡುವು ಕೊಡಬೇಕೋ ಅಂತ ನೋಡುತ್ತೇವೆ.

ಕ್ಯಾಲ್ಸಿಯಂ ಬೇಕು, ಆದರೆ ಅದೊಂದೇ ನಿಮ್ಮ ಬೆನ್ನನ್ನು ಕಾಯುವುದಿಲ್ಲ. ಕರಗಿಸುವ ಕೋಶಗಳನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಮುಟ್ಟು ನಿಂತವರಿಗೆ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಬೇಕು. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡಂಬುಟ್ಟು, ಹಂದಿ ಸಾರು ಅಂದರೆ ಅದರಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬೇಕು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350, ಒಂದು ದೊಡ್ಡ ಲೋಟ ಹಾಲು ಅಥವಾ ಮೊಸರಿನಲ್ಲಿ 300. ಮುಳ್ಳು ಸಮೇತ ಅಗಿದು ತಿನ್ನುವ ಸಣ್ಣ ಮೀನೂ ಒಳ್ಳೆಯದು. ಎರಡು ಹೊತ್ತು ಹಾಲು ಮೊಸರು, ಒಂದು ಹೊತ್ತು ರಾಗಿ ಇದ್ದರೆ ಉಳಿದದ್ದಕ್ಕೆ 500ರ ಒಂದು ಮಾತ್ರೆ, ಊಟದ ಜೊತೆ. ಅಲೆಂಡ್ರೊನೇಟ್ ನುಂಗುವ ಬೆಳಿಗ್ಗೆ ಮಾತ್ರ ಕ್ಯಾಲ್ಸಿಯಂ ಹತ್ತಿರ ಸೇರಿಸಬೇಡಿ.

ತೋಟದ ಕೆಲಸ ಬಿಡಿ ಅಂತ ಹೇಳುವುದಿಲ್ಲ, ಹೇಳಿದರೂ ಬಿಡುವುದಿಲ್ಲ ನೀವು. ಬಾಗಿ, ಬೆನ್ನು ತಿರುಚಿ ಮೂಟೆ ಎಳೆಯುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಕಾಲು ಚಾಚಿ ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಂಥ ಆಸನಗಳೂ ಬೇಡ; ಮುಂದಕ್ಕೆ ಬಾಗಿದಾಗ ಭಾರವೆಲ್ಲ ಕಶೇರುವಿನ ಮುಂಭಾಗದ ಮೇಲೆ ಬೀಳುತ್ತದೆ, ಕುಸಿಯುವುದು ಅಲ್ಲೇ. ಮಳೆಗಾಲದಲ್ಲಿ ಅಂಗಳದ ಪಾಚಿ ಕೆರೆಸಿ. ಬಚ್ಚಲಿಗೆ ಹಿಡಿಕೆ ಹಾಕಿಸಿ.

ಸ್ಕ್ಯಾನ್ ಸೆಂಟರ್‌ಗೆ ಫೋನ್ ಮಾಡಿ, ಎಲ್1 ಬಿಟ್ಟು ಎಲ್2ರಿಂದ ಎಲ್4ರ ಲೆಕ್ಕದಲ್ಲಿ ವರದಿ ಮತ್ತೆ ಕೊಡಲು ಕೇಳಿ. ಸ್ಕ್ಯಾನ್ ಚಿತ್ರ ಅವರ ಕಂಪ್ಯೂಟರ್‌ನಲ್ಲೇ ಇರುತ್ತದೆ, ನೀವು ಮತ್ತೆ ಮಲಗಬೇಕಾಗಿಲ್ಲ. ಮುಂದಿನ ಸ್ಕ್ಯಾನ್ ಔಷಧಿ ಶುರುವಾಗಿ ಒಂದೆರಡು ವರ್ಷಕ್ಕೆ, ಅದೇ ಸೆಂಟರ್‌ನಲ್ಲಿ, ಅದೇ ಮೆಷಿನ್‌ನಲ್ಲಿ. ಒಂದು ಕಂಪನಿಯ ಮೆಷಿನ್‌ನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲು ಬರುವುದಿಲ್ಲ. ಆಗ ಟಿ-ಸ್ಕೋರ್ ಬಿಟ್ಟು ಬಿಎಂಡಿ ನೋಡಿ. ಈಗಿನ 0.888 ಆಗ 0.910 ಆದರೆ ಖುಷಿಪಡಬೇಡಿ, 0.865 ಆದರೆ ಗಾಬರಿಯೂ ಬೇಡ. ಮಲಗುವ ಭಂಗಿ ಸ್ವಲ್ಪ ಬದಲಾದರೂ ಅಷ್ಟು ಹೆಚ್ಚುಕಡಿಮೆ ಬರುತ್ತದೆ. ಬೆನ್ನಿನಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಬದಲಾದರೆ ಮಾತ್ರ ಅದು ನಿಜವಾದ ಬದಲಾವಣೆ. ಅಂಕಿ ಇದ್ದಲ್ಲೇ ಇದ್ದು, ಹೊಸ ಕುಸಿತ ಇಲ್ಲದಿದ್ದರೆ ಔಷಧಿ ಕೆಲಸ ಮಾಡುತ್ತಿದೆ ಅಂತಲೇ ಲೆಕ್ಕ.

ಅಷ್ಟರೊಳಗೆ ಮತ್ತೆ ಹಠಾತ್ತಾಗಿ ಬೆನ್ನು ಹಿಡಿದರೆ ಮುಲಾಮು ಹಚ್ಚಿ ಕಾಯಬೇಡಿ, ಅದೇ ವಾರ ಎಕ್ಸ್-ರೇ ತೆಗೆಸಿ. ಕಾಲು ಜೋಮು ಹಿಡಿದರೆ, ಬಲ ಕಡಿಮೆಯಾದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.